ವಕ್ರರೇಖೆ ತನ್ನ ಅಡ್ಡ ಅಸಿಂಪ್ಟೋಟನ್ನು ದಾಟಬಹುದಾ?

ಅಸಿಂಪ್ಟೋಟನ್ನು ಗ್ರಾಫ್ ಮುಟ್ಟುವುದೇ ಇಲ್ಲ ಅಂತ ಓದಿದ್ದೆ. ಆದರೆ ಒಂದು ಲೆಕ್ಕದಲ್ಲಿ ದಾಟಿಬಿಟ್ಟಿದೆ. ಇದು ಸರಿನಾ?

ಸರಿಯೇ, ಧಾರಾಳವಾಗಿ ದಾಟಬಹುದು. f(x) = (2x² + x)/(x² + 1) ತೆಗೆದುಕೊಳ್ಳಿ. x ತುಂಬಾ ದೊಡ್ಡದಾದಾಗ ಇದರ ಲಿಮಿಟ್ 2, ಹಾಗಾಗಿ ಅಸಿಂಪ್ಟೋಟ್ y = 2. ದಾಟುತ್ತದಾ ಎಂದು ನೋಡಲು f(x) = 2 ಎಂದು ಬರೆದು ಬಿಡಿಸಿ:

2x² + x = 2x² + 2

ಸಿಗುವುದು x = 2. ಅಲ್ಲೇ ಗ್ರಾಫ್ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ದಾಟುತ್ತದೆ. f(1) = 1.5, f(4) ಸುಮಾರು 2.12. ಆಮೇಲೆ ಮೇಲಿನಿಂದಲೇ ನಿಧಾನವಾಗಿ ಇಳಿಯುತ್ತದೆ: f(100) ಸುಮಾರು 2.01.

ಲಿಮಿಟ್ ಹೇಳುವುದು ದೂರದ ತುದಿಯ ವಿಷಯ ಮಾತ್ರ, ಅಲ್ವಾ? ನಡುವೆ ಏನಾಗಬೇಕೆಂದು ಅದು ಹೇಳುವುದಿಲ್ಲ. ದೂರದಲ್ಲೂ ದಾಟಲು ಅಡ್ಡಿಯಿಲ್ಲ. sin x / x ತನ್ನ ಅಸಿಂಪ್ಟೋಟ್ y = 0 ಅನ್ನು π, 2π, 3π ಹೀಗೆ ಕೊನೆಯಿಲ್ಲದಷ್ಟು ಸಲ ದಾಟುತ್ತದೆ. ಅಲೆಯ ಎತ್ತರ ಮಾತ್ರ ಕುಗ್ಗುತ್ತಾ ಹೋಗುತ್ತದೆ.