ನಿಮ್ಮ ಜನ ನಿಮ್ಮನ್ನು ಎಲ್ಲಿ ಕೂರಿಸಿದ್ದಾರೆ ಅಂತ ನೋಡಿ

"ನಮ್ಮದೇ ನೇಕಾರ ಸಮುದಾಯದ ಮೇಲೆ ಪಿಎಚ್‌ಡಿ. ಅಪ್ಪ ಮಗ್ಗಗಳ ಮಾಲೀಕರು. ಕೂಲಿ ನೇಕಾರರು ಮಾಲೀಕರಿಂದ ತಗೊಳ್ಳೋ ಮುಂಗಡದ ಬಗ್ಗೆ ಕೇಳಿದರೆ ಎಲ್ಲರೂ 'ನಿಂಗೆ ಗೊತ್ತಲ್ಲ' ಅಂತಾರೆ. ಸಂಶೋಧಕನಾಗಿ ನನ್ನ ಸ್ಥಾನದ ಬಗ್ಗೆ ಪ್ರಬಂಧದಲ್ಲಿ ಏನು ಬರೀಲಿ?"

'ನಾನು ಒಳಗಿನವ' ಅಂತ ಒಂದು ಪ್ಯಾರಾ ಬರೆದು ಬಿಟ್ಟರೆ ಸಾಲದು. ಜಾತಿಯಲ್ಲಿ ನೀವು ಒಳಗಿನವರು, ಕೂಲಿ ನೇಕಾರರಿಗೆ ಮಾತ್ರ ಮಾಲೀಕರ ಮಗ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಧ್ಯಯನಕ್ಕೆ ಮೈಸೂರಿನ ಹತ್ತಿರದ ಹಳ್ಳಿಗೆ ಹೋದಾಗಲೂ ಹೀಗೇ ಆಯ್ತು. ಅವರೂ ಅದೇ ಸೀಮೆಯವರು, ಕನ್ನಡದವರು. ಆದರೆ ಊರಿನವರಿಗೆ ಅವರು ಬ್ರಾಹ್ಮಣ, ಜೊತೆಗೆ ಪಟೇಲರ ಕಡೆಯವರು. ದಲಿತರ ಜೊತೆ ಒಡನಾಟ ಕಡಿಮೆಯಾಯ್ತು ಅಂತ ಅವರೇ ಆಮೇಲೆ ಬರೆದರು.

'ನಿಂಗೆ ಗೊತ್ತಲ್ಲ' ಅಂದಾಗ ತಲೆ ಆಡಿಸಬೇಡಿ. ನಿಜವಾಗಿ ಗೊತ್ತಿದ್ದರೂ ಸರಿ. ಅಭಿಪ್ರಾಯ ಕೇಳುವ ಬದಲು ನಡೆದದ್ದನ್ನು ಕೇಳಿ: ಹೋದ ಸಲ ಮುಂಗಡ ತಗೊಂಡಿದ್ದು ಯಾವಾಗ, ಯಾಕೆ, ಹೇಗೆ ತೀರಿತು? ಆದರೂ ಕೆಲವರು ಹೇಳದೇ ಇರಬಹುದು. ಅದು ಮರೆವಲ್ಲ, ಮಾತು ನಿಮ್ಮಪ್ಪನ ಕಿವಿಗೆ ಬೀಳುತ್ತೆ ಅನ್ನೋ ಭಯ ಇರಬಹುದು.

ಅದನ್ನು ಪರೀಕ್ಷಿಸಬಹುದು. ಊರಿಗೆ ಸಂಬಂಧವಿಲ್ಲದ ಸಹಪಾಠಿಯಿಂದ, ಒಪ್ಪಿಗೆ ಪಡೆದು, ಬೇರೆ ಕೆಲವು ಕೂಲಿ ನೇಕಾರರಿಗೆ ಕೂಲಿ, ಹಬ್ಬದ ಖರ್ಚು, ಮುಂಗಡದ ಬಗ್ಗೆ ನೀವು ಕೇಳಿದ ಪ್ರಶ್ನೆಗಳನ್ನೇ ಕೇಳಿಸಿ. ಕೂಲಿ, ಹಬ್ಬದ ಖರ್ಚಿನ ಉತ್ತರ ಎರಡೂ ಕಡೆ ಹೊಂದಿಕೊಂಡು, ಮುಂಗಡದ್ದು ಮಾತ್ರ ಬೇರೆಯಾದರೆ, ನಿಮ್ಮ ಸ್ಥಾನ ಎಲ್ಲಿ ಅಡ್ಡ ಬಂತು ಅಂತ ಸುಳಿವು ಸಿಗುತ್ತೆ. (ಹೊರಗಿನವರಿಗೆ ಹೇಳಿದ್ದೇ ಸತ್ಯ ಅಂತಲೂ ಅಲ್ಲ. ಸರ್ಕಾರದ ಕಡೆಯವರು ಅಂದುಕೊಂಡು ಕಷ್ಟ ಜಾಸ್ತಿ ಹೇಳಿರಬಹುದು.) ಈ ವ್ಯತ್ಯಾಸವನ್ನು ಮುಂಗಡದ ಅಧ್ಯಾಯದಲ್ಲೇ ಬರೆಯಿರಿ. ಪೀಠಿಕೆಯಲ್ಲಿ ಹೂತಿಡಬೇಡಿ.