‘ಸರಿ, ಇಡ್ತೀನಿ’ ಎನ್ನುವ ಅಕ್ಕ ಮುನಿದಿದ್ದಾಳೆಯೇ?

*ಅಕ್ಕ ಮತ್ತು ನಾನು ವಾರದಲ್ಲಿ ನಾಲ್ಕೈದು ಸಲ ಫೋನಿನಲ್ಲಿ ಮಾತನಾಡುತ್ತೇವೆ. ಕೆಲವು ತಿಂಗಳಿಂದ ಅವಳು ಸಂಜೆ ಕೆಲಸ ಮುಗಿಸಿ ಮನೆ ಸೇರುವ ಹೊತ್ತಿನ ಕರೆಗಳನ್ನು ನಡುವೆಯೇ ‘ಸರಿ, ಇಡ್ತೀನಿ’ ಎಂದು ಮುಗಿಸಿಬಿಡುತ್ತಾಳೆ. ದನಿ ಒಣಗಿದಂತಿರುತ್ತದೆ. ಎರಡು ಭಾನುವಾರ ಬಿಡುವಾಗಿ ಮಾತನಾಡುತ್ತಿದ್ದಾಗಲೂ ಅಮ್ಮನ ಔಷಧಿಯ ಖರ್ಚಿನ ಮಾತು ಬಂದೊಡನೆ ಹಾಗೆಯೇ ಮಾಡಿದಳು. ‘ಕೋಪಾನಾ?’ ಎಂದು ಮೆಸೇಜ್ ಹಾಕಿದರೆ ‘ಇಲ್ಲ.’ ಎಂದಷ್ಟೇ ಬರುತ್ತದೆ. ಆದರೆ ರಾತ್ರಿ ಅವಳಾಗಿಯೇ ಕಳಿಸುವ ಮೆಸೇಜುಗಳಲ್ಲಿ ಪ್ರೀತಿ ತುಂಬಿರುತ್ತದೆ. ನಾನು ಯಾವುದನ್ನು ನಂಬಲಿ, ದನಿಯನ್ನೋ ಅಕ್ಷರವನ್ನೋ?*

*— ಹೆಸರು ಬೇಡ*

ನೀವು ಒಂದೇ ನೋವೆಂದು ಬರೆದಿರುವುದರಲ್ಲಿ ಎರಡು ಬಗೆಯ ಕರೆಗಳು ಸೇರಿಕೊಂಡಿವೆ. ಸಂಜೆಯ ಕರೆಗಳನ್ನು ಮೊದಲು ನೋಡೋಣ. ಅವುಗಳ ಬಗ್ಗೆ ನೀವು ಹೆಚ್ಚು ಚಿಂತಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಫೋನಿನ ಮಾತು ಒಮ್ಮೆಗೇ ಮುಗಿಯುವುದಿಲ್ಲ. ಇಬ್ಬರೂ ಸೇರಿ ಅದನ್ನು ಹಂತಹಂತವಾಗಿ ಮುಗಿಸುತ್ತಾರೆ. ಇಮ್ಯಾನ್ಯುಯೆಲ್ ಶೆಗ್ಲಾಫ್ ಮತ್ತು ಹಾರ್ವೆ ಸ್ಯಾಕ್ಸ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಒಬ್ಬರು ಹೊಸ ವಿಷಯವನ್ನೇನೂ ಸೇರಿಸದೆ ‘ಸರಿ’ ಎನ್ನುತ್ತಾರೆ, ಇನ್ನೊಬ್ಬರೂ ಹೊಸದನ್ನು ತೆಗೆಯದೆ ‘ಹೂಂ, ಆಯ್ತು’ ಎನ್ನುತ್ತಾರೆ, ಆ ಬಳಿಕವಷ್ಟೇ ಬೀಳ್ಕೊಡುವ ಮಾತು ಬರುತ್ತದೆ. ನಮ್ಮಲ್ಲಿ ‘ಮತ್ತೇನು?’, ‘ಮತ್ತೆ?’ ಎನ್ನುವುದು ಎಷ್ಟೋ ಸಲ ಈ ಮೊದಲ ಹಂತದ ಕೆಲಸವನ್ನೇ ಮಾಡುತ್ತದೆ. ಅದನ್ನು ನಿಜವಾದ ಪ್ರಶ್ನೆಯೆಂದು ತಿಳಿದು ಇನ್ನೊಂದು ವಿಷಯವನ್ನು ಬಿಚ್ಚಿದರೆ, ಹೊರಡಲು ಎದ್ದು ನಿಂತವರನ್ನು ಮತ್ತೆ ಕೂರಿಸಿದಂತಾಗುತ್ತದೆ. ಅವರು ಇನ್ನೊಮ್ಮೆ ‘ಸರಿ’ ಎನ್ನುತ್ತಾರೆ, ಅದೂ ನಡೆಯದಿದ್ದರೆ ನಡುವಿನ ಹಂತಗಳನ್ನೆಲ್ಲ ಬಿಟ್ಟು ನೇರವಾಗಿ ‘ಇಡ್ತೀನಿ’ ಎನ್ನುತ್ತಾರೆ. ಕೇಳುವವರಿಗೆ ಮೊದಲಿನ ಎರಡು ‘ಸರಿ’ಗಳು ನೆನಪಿನಲ್ಲಿ ಉಳಿಯುವುದಿಲ್ಲ, ಕೊನೆಯ ಬಿರುಸು ಮಾತ್ರ ಉಳಿಯುತ್ತದೆ. ಸಂಜೆ ಆಗಷ್ಟೇ ಮನೆಗೆ ಬಂದು, ಬಹುಶಃ ಇನ್ನೂ ನಿಂತುಕೊಂಡೇ ಫೋನ್ ಎತ್ತಿದ ಅಕ್ಕನ ವಿಷಯದಲ್ಲಿ ಇದೇ ಆಗುತ್ತಿರಬೇಕು. ಮುಂದಿನ ಸಲ ಅವಳು ಮೊದಲ ‘ಸರಿ’ಯನ್ನು ಎಲ್ಲಿ ಹೇಳುತ್ತಾಳೆಂದು ಗಮನಿಸಿ, ಅಲ್ಲಿಯೇ ನೀವೂ ‘ಆಯ್ತು ಅಕ್ಕಾ’ ಎಂದು ನಿಲ್ಲಿಸಿ ನೋಡಿ. ಆಗ ಅವಳು ಸಮಾಧಾನದಿಂದ ಬೀಳ್ಕೊಟ್ಟರೆ ಅಷ್ಟು ದಿನ ಕೇಳಿಸುತ್ತಿದ್ದ ಒಣದನಿ ಅವಸರದ್ದೇ ಎಂದು ತಿಳಿಯಬಹುದು.

ದನಿಯನ್ನು ನಂಬಬೇಕೇ ಎಂದು ಕೇಳಿದ್ದೀರಿ. ಅರ್ಧದಷ್ಟು ನಂಬಬೇಕು. ಮನಸ್ಸು ಕಲಕಿದೆಯೇ, ಮೈ ದಣಿದಿದೆಯೇ ಎಂಬುದನ್ನು ದನಿಯ ಏರಿಳಿತ, ವೇಗ ಮತ್ತು ಗಟ್ಟಿತನಗಳಿಂದ ಕಿವಿ ಬೇಗನೆ ಗುರುತಿಸುತ್ತದೆ. ಆ ಕಲಕು ಯಾರ ಮೇಲಿನದು, ಏತಕ್ಕೆ ಬಂದದ್ದು ಎಂಬುದು ಮಾತ್ರ ದನಿಯಲ್ಲಿ ಇರುವುದಿಲ್ಲ. ಅವಸರ, ತಲೆನೋವು, ಅಸಮಾಧಾನ ಮೂರೂ ಮಾತನ್ನು ಗಿಡ್ಡವಾಗಿಸುತ್ತವೆ. ‘ನನ್ನ ಮೇಲೆ’ ಎಂಬುದನ್ನು ಕೇಳುವವರು ತಾವೇ ಸೇರಿಸಿಕೊಳ್ಳುತ್ತಾರೆ. ಇದರ ಜೊತೆಗೆ ಫೋನೂ ತನ್ನ ಪಾಲಿನದನ್ನು ಕಳೆಯುತ್ತದೆ. ಸಾಮಾನ್ಯ ಫೋನ್ ಸಂಪರ್ಕವು ಹಿಂದಿನಿಂದಲೂ ಸುಮಾರು 300ರಿಂದ 3400 ಹರ್ಟ್ಸ್ ನಡುವಿನ ಧ್ವನಿಯನ್ನಷ್ಟೇ ಸಾಗಿಸುತ್ತ ಬಂದಿದೆ. ಮಾತು ಅರ್ಥವಾಗಲು ಅಷ್ಟು ಸಾಕು, ಆದರೆ ದನಿಯ ತುಂಬುತನ ಕಡಿಮೆಯಾಗುತ್ತದೆ. ಹೊಸ ಸಂಪರ್ಕಗಳಲ್ಲಿ ಈ ವ್ಯಾಪ್ತಿ ಹಿಗ್ಗಿದೆಯಾದರೂ, ಸುತ್ತಲಿನ ಸದ್ದನ್ನು ತಗ್ಗಿಸುವ ವ್ಯವಸ್ಥೆಗಳು ಮೆಲ್ಲಗೆ ಆಡಿದ ಪದದ ಕೊನೆಯನ್ನು ಕೆಲವೊಮ್ಮೆ ಸದ್ದೆಂದೇ ತಿಳಿದು ನುಂಗಿಬಿಡುತ್ತವೆ. ಇಂಟರ್ನೆಟ್ ಮೂಲಕ ಮಾಡುವ ಕರೆಗಳಲ್ಲಿ ಮಾತು ತಡವಾಗಿ ತಲುಪುವುದೂ ಉಂಟು. ಎದುರುಬದುರು ಮಾತನಾಡುವಾಗ ಒಬ್ಬರ ಮಾತಿಗೂ ಇನ್ನೊಬ್ಬರ ಉತ್ತರಕ್ಕೂ ನಡುವೆ ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟೇ ಬಿಡುವಿರುತ್ತದೆ. ಸಂಪರ್ಕದ ತಡದಿಂದ ಅದು ಅರ್ಧ ಸೆಕೆಂಡಿಗೆ ಏರಿದರೆ ತೊಂದರೆ ಯಂತ್ರದ್ದೆಂದು ನಮಗೆ ಹೊಳೆಯುವುದಿಲ್ಲ, ಎದುರಿನವರಿಗೆ ಮನಸ್ಸಿಲ್ಲ ಎನ್ನಿಸುತ್ತದೆ.

ಅಕ್ಷರದ ವಿಷಯದಲ್ಲಿ ನಾವು ಇನ್ನೂ ದೊಡ್ಡ ಭ್ರಮೆಯಲ್ಲಿದ್ದೇವೆ. 2005ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ನಿಕೊಲಸ್ ಎಪ್ಲಿ ಮೊದಲಾದವರು ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಮಾತನ್ನು ವ್ಯಂಗ್ಯವಾಗಿ ಆಡಿದ್ದೋ ನಿಜವಾಗಿ ಆಡಿದ್ದೋ ಎಂಬುದನ್ನು ಗುರುತಿಸಲು ಹೇಳಿದ್ದರು. ದನಿ ಕೇಳಿದವರು ಮುಕ್ಕಾಲು ಪಾಲಿನಷ್ಟು ಸಲ ಸರಿಯಾಗಿ ಗುರುತಿಸಿದರು. ಇಮೇಲ್ ಓದಿದವರ ಸಾಧನೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ತುಸುವೇ ಮೇಲಿತ್ತು, ಆದರೂ ಬರೆದವರಿಗೂ ಓದಿದವರಿಗೂ ತಮ್ಮ ಮೇಲೆ ಭಾರೀ ವಿಶ್ವಾಸವಿತ್ತು. ‘ಇಲ್ಲ.’ ಎಂಬ ಉತ್ತರದ ಪೂರ್ಣವಿರಾಮದಲ್ಲಿ ನೀವು ಕಂಡ ಮುನಿಸು ಈ ಬಗೆಯದೇ ಇರಬಹುದು. ಅಲ್ಲದೆ ‘ಕೋಪಾನಾ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಬರೆದರೆ ಕಾರಣವನ್ನು ಬೆರಳಲ್ಲಿ ಒತ್ತುತ್ತ ವಿವರಿಸುತ್ತ ಕೂರಬೇಕು. ದಣಿದವರು ‘ಇಲ್ಲ’ ಎಂದು ಮುಗಿಸುತ್ತಾರೆ. ಈ ಪ್ರಶ್ನೆಯನ್ನು ಮೆಸೇಜಿನಲ್ಲಿ ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ರಾತ್ರಿಯ ಮೆಸೇಜುಗಳು ಮಾತ್ರ ಬೇರೆ. ಅವು ನಿಮ್ಮ ಒತ್ತಾಯವಿಲ್ಲದೆ, ಅವಳು ತಾನೇ ಆರಿಸಿಕೊಂಡ ಹೊತ್ತಿನಲ್ಲಿ ಬಂದವು. ನಿಮ್ಮನ್ನು ಬಿಟ್ಟು ದೂರ ಸರಿಯುತ್ತಿರುವವರು ಹಾಗೆ ತಾವಾಗಿಯೇ ಬರೆಯುವುದು ಅಪರೂಪ.

ಆ ಎರಡು ಭಾನುವಾರಗಳನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಬಿಡುವಿತ್ತು, ಮಾತು ಚೆನ್ನಾಗಿ ಸಾಗಿತ್ತು, ಎರಡು ಸಲವೂ ಅದೇ ವಿಷಯಕ್ಕೆ ತುಂಡಾಯಿತು. ಗಡಿಯಾರಕ್ಕೆ ತಕ್ಕಂತೆ ಮಾತು ಗಿಡ್ಡವಾದರೆ ಅದು ಅವಸರ. ಯಾವ ಹೊತ್ತಿನಲ್ಲೇ ಆಗಲಿ ಒಂದೇ ವಿಷಯಕ್ಕೆ ಗಿಡ್ಡವಾದರೆ ಆ ವಿಷಯದಲ್ಲಿ ಏನೋ ಇದೆ. ಹಾಗೆಂದು ಅದು ನಿಮ್ಮ ಮೇಲಿನ ಕೋಪವೇ ಆಗಬೇಕಿಲ್ಲ. ಅವಳ ಕೈ ಬಿಗಿಯಾಗಿರಬಹುದು, ಹೆಚ್ಚಿನ ಹೊರೆ ತನ್ನ ಮೇಲೆಯೇ ಬಿದ್ದಿದೆ ಎನ್ನಿಸಿರಬಹುದು, ಅಮ್ಮನ ಆರೋಗ್ಯದ ಭಯವೇ ಮಾತನ್ನು ಕಟ್ಟಿಹಾಕಿರಬಹುದು. ಇದರಲ್ಲಿ ಯಾವುದೆಂದು ದನಿಯಿಂದ ಊಹಿಸಲು ಹೋಗದೆ ಬಾಯಿಬಿಟ್ಟು ಕೇಳಬೇಕು. ಕೇಳುವ ಜಾಗ ಕರೆಯ ಆರಂಭ, ಏಕೆಂದರೆ ಕೊನೆಯಲ್ಲಿ ಕೇಳಿದ ಪ್ರಶ್ನೆ ಅವಳನ್ನು ಇನ್ನಷ್ಟು ಬೇಗ ಓಡಿಸುತ್ತದೆ. ‘ಯಾಕೆ ಅಂದು ಹಾಗೆ ಫೋನ್ ಇಟ್ಟೆ?’ ಎಂದು ಕೇಳಿದರೆ ಅವಳು ತನ್ನನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ಅದರ ಬದಲು, ‘ಅಕ್ಕಾ, ಅಮ್ಮನ ಖರ್ಚಿನ ವಿಷಯ ತೆಗೆದಾಗ ನಿನಗೆ ಕಷ್ಟ ಆಗ್ತಿದೆ ಅನ್ನಿಸ್ತು. ಈಗಿನ ಏರ್ಪಾಡು ನಿನಗೆ ಭಾರ ಆಗ್ತಿದೆಯಾ?’ ಎಂದು ಕೇಳಿ, ಸುಮ್ಮನಿರಿ. ಅವಳು ಕೂಡಲೇ ಉತ್ತರಿಸದಿದ್ದರೆ ಆ ಮೌನವನ್ನು ತುಂಬಲು ಹೋಗಬೇಡಿ.

ಆಗಲೂ ಅವಳು ‘ಸರಿ, ಇಡ್ತೀನಿ’ ಎಂದರೆ ಅಂದು ಒತ್ತಾಯಿಸಬೇಡಿ. ಮರುದಿನ ಖರ್ಚಿನ ಲೆಕ್ಕವನ್ನಷ್ಟೇ ಬರೆದು ಕಳಿಸಿ: ಈವರೆಗೆ ಎಷ್ಟಾಗಿದೆ, ಯಾರು ಎಷ್ಟು ಕೊಟ್ಟಿದ್ದೀರಿ, ಮುಂದಿನ ತಿಂಗಳಿಂದ ನೀವು ಎಷ್ಟು ಕೊಡಬಲ್ಲಿರಿ. ಅಂಕಿಗಳನ್ನು ಓದಲು ದನಿ ಬೇಕಿಲ್ಲ, ಬಿಡುವಾದಾಗ ಅವಳು ಎರಡು ಸಲ ಓದಿಕೊಳ್ಳಬಹುದು. ಕೊನೆಗೆ ‘ಇದರ ಬಗ್ಗೆ ಭಾನುವಾರ ಮಾತಾಡೋಣ, ನಿನಗೆ ಅನುಕೂಲವಾದ ಹೊತ್ತಿಗೆ ನೀನೇ ಫೋನ್ ಮಾಡು’ ಎಂದು ಸೇರಿಸಿ.