ಜಾಬ್ ಶೇರ್ ಒಪ್ಪಿಕೊಳ್ಳೋ ಮುಂಚೆ ಬುಧವಾರದ ಲೆಕ್ಕ ಕೇಳಿ

"ಅಕ್ಕಾ, ಗಂಡನ ಡಿಪೆಂಡೆಂಟ್ ವೀಸಾದಲ್ಲಿ ಈಗಷ್ಟೇ ಇಂಗ್ಲೆಂಡಿಗೆ ಬಂದಿದ್ದೇನೆ. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಆಫೀಸಿನಲ್ಲಿ ಜಾಬ್ ಶೇರ್ ಕೆಲಸ ಸಿಗೋ ಹಾಗಿದೆ. ಅರ್ಧ ವಾರ ನಾನು, ಅರ್ಧ ವಾರ ಇನ್ನೊಬ್ಬರು. ಮಗು ಚಿಕ್ಕದು, ನನಗೆ ಇದೇ ಅನುಕೂಲ. ಆದ್ರೆ ಒಂದೇ ಕುರ್ಚಿಯಲ್ಲಿ ಇಬ್ಬರು ಅಂದ್ರೆ ಗೊಂದಲ ಆಗಲ್ವಾ? ಸೇರೋ ಮುಂಚೆ ಏನು ಕೇಳಬೇಕು?"

ನಾನೂ ಇಂಥದ್ದೇ ಆಫೀಸಿನಲ್ಲಿ ಜಾಬ್ ಶೇರ್ ಮಾಡುತ್ತಿರುವವಳು. ಡಿಪೆಂಡೆಂಟ್ ವೀಸಾದವರಿಗೆ ಇಷ್ಟೇ ಗಂಟೆ ಕೆಲಸ, ಇಷ್ಟೇ ಸಂಬಳ ಅನ್ನೋ ಷರತ್ತಿಲ್ಲ, ಆ ಚಿಂತೆ ಬಿಡಿ. ನಿಮ್ಮ ಯಜಮಾನರದ್ದು ಸ್ಕಿಲ್ಡ್ ವರ್ಕರ್ ವೀಸಾ ಆಗಿದ್ದರೆ ಅವರ ಕಥೆ ಬೇರೆ. ತೆರಿಗೆ ಕಳೆಯೋ ಮುಂಚಿನ ಅವರ ಸಂಬಳಕ್ಕೆ ಕನಿಷ್ಠ ಮಿತಿ ಇದೆ, ಅರ್ಧ ಕೆಲಸ ಅಂತ ಆ ಮಿತಿ ಅರ್ಧ ಆಗುವುದಿಲ್ಲ. ಹಾಗಾಗಿ ಮನೆಯಲ್ಲಿ ಜಾಬ್ ಶೇರ್ ಮಾಡೋರು ನೀವೇ ಇರಲಿ.

ಮೊದಲು ಕೇಳಬೇಕಾದ್ದು ಒಂದೇ. ನೀವಿಬ್ಬರೂ ಒಟ್ಟಿಗೆ ಆಫೀಸಿನಲ್ಲಿರುವ ಹೊತ್ತು ಯಾವುದು, ಅದಕ್ಕೆ ಸಂಬಳ ಇದೆಯಾ?

ಲೆಕ್ಕ ನೋಡಿ. ಎನ್‌ಎಚ್‌ಎಸ್‌ನಲ್ಲಿ ಪೂರ್ತಿ ಕೆಲಸ ಅಂದರೆ ಸಾಮಾನ್ಯವಾಗಿ ವಾರಕ್ಕೆ 37.5 ಗಂಟೆ. ಅರ್ಧ ಮಾಡಿದರೆ ತಲೆಗೆ 18.75. ಅಂದರೆ ಎರಡು ಪೂರ್ತಿ ದಿನ, ಮೇಲೆ ಬುಧವಾರ ಮೂರೂಮುಕ್ಕಾಲು ಗಂಟೆ. ಮ್ಯಾನೇಜರ್ ಇದನ್ನ ಕಾಗದದ ಮೇಲೆ ಹಾಕುವಾಗ ಸುಮ್ನೆ ಹೀಗೆ ಬರೆದುಬಿಡುತ್ತಾರೆ: ಬುಧವಾರ ಬೆಳಗ್ಗೆ 8.30ರಿಂದ 12.15 ಒಬ್ಬರು, 12.15ರಿಂದ 4 ಗಂಟೆ ಇನ್ನೊಬ್ಬರು. ಡೆಸ್ಕ್ ಒಂದು ನಿಮಿಷವೂ ಖಾಲಿ ಇಲ್ಲ, ಚೆನ್ನಾಗೇ ಕಾಣುತ್ತದೆ. ಆದರೆ ಇದರಲ್ಲಿ ಇಬ್ಬರೂ ಕೂತು ಮಾತಾಡೋಕೆ ಒಂದು ನಿಮಿಷವೂ ಇಲ್ಲ. ಆಮೇಲೆ ಏನಾಗುತ್ತದೆ ಅಂದರೆ, ಹ್ಯಾಂಡೋವರ್ ನಿಮ್ಮ ಮನೆ ಸಮಯಕ್ಕೆ ಬಂದು ಬೀಳುತ್ತದೆ. ಗುರುವಾರ ಮಗುವಿಗೆ ಊಟ ಮಾಡಿಸುತ್ತಿರುವಾಗ ವಾಟ್ಸಾಪ್ ಬರುತ್ತದೆ, "ಆ ಫೈಲ್ ಎಲ್ಲಿಟ್ಟಿದ್ದೀರಿ?" ಅಂತ. ಸಂಬಳ ಅರ್ಧ, ತಲೆ ಮಾತ್ರ ವಾರ ಪೂರ್ತಿ ಆಫೀಸಿನಲ್ಲಿ.

ಇದಕ್ಕೆ ಎರಡು ದಾರಿ. ಒಂದು, ಇಬ್ಬರಿಗೂ ಮೂರು ಮೂರು ದಿನ ಕೊಟ್ಟು ಬುಧವಾರ ಪೂರ್ತಿ ಇಬ್ಬರೂ ಇರುವುದು. ತುಂಬಾ ಒಳ್ಳೆಯದು, ಆದರೆ ಒಟ್ಟು 45 ಗಂಟೆ ಆಗುತ್ತದೆ, ಅಷ್ಟು ದುಡ್ಡು ಎಲ್ಲಾ ವಿಭಾಗಕ್ಕೂ ಇರುವುದಿಲ್ಲ. ಇನ್ನೊಂದು, ಅದೇ 18.75 ಇಟ್ಟುಕೊಂಡು ಎರಡನೆಯವರು ಬುಧವಾರ 11.15ಕ್ಕೇ ಬಂದು 3 ಗಂಟೆಗೆ ಹೋಗುವುದು. ಆಗ ಒಂದು ಗಂಟೆ ಇಬ್ಬರೂ ಸಿಗುತ್ತೀರಿ, 3ರಿಂದ 4ರವರೆಗೆ ಫೋನ್ ಪಕ್ಕದ ಡೆಸ್ಕಿನವರು ನೋಡಿಕೊಳ್ಳಬೇಕು. ನಮ್ಮಲ್ಲಿ ಹೀಗೇ ನಡೆಯುವುದು. ಮ್ಯಾನೇಜರ್ ಹತ್ತಿರ ಕೇಳುವಾಗ "ಸ್ವಲ್ಪ ಓವರ್‌ಲ್ಯಾಪ್ ಬೇಕು" ಅನ್ನಬೇಡಿ, ಈ ಗಂಟೆಗಳನ್ನೇ ಬರೆದು ತೋರಿಸಿ. ಸೇರಿದ ಮೇಲೆ ಬೇಕು ಅನಿಸಿದರೂ ಕೇಳಬಹುದು. 2024ರ ಏಪ್ರಿಲ್‌ನಿಂದ ಕೆಲಸದ ಮೊದಲ ದಿನದಿಂದಲೇ ಸಮಯ ಬದಲಿಸಿಕೊಡಿ ಅಂತ ಬರೆದು ಕೇಳುವ ಹಕ್ಕಿದೆ, ಎರಡು ತಿಂಗಳೊಳಗೆ ಅವರು ಉತ್ತರ ಕೊಡಬೇಕು. ಕೊಟ್ಟೇ ಕೊಡಬೇಕು ಅಂತಿಲ್ಲ, ಆದರೆ ಇಲ್ಲ ಅನ್ನೋಕೆ ಕಾನೂನಿನಲ್ಲಿ ಹೇಳಿರುವ ಕಾರಣಗಳಲ್ಲಿ ಒಂದು ಬೇಕು.

ಈಗ ಆ ಒಂದು ಗಂಟೆಯಲ್ಲಿ ಏನು ಮಾಡೋದು. ಒಂದು ಉದಾಹರಣೆ ತೆಗೆದುಕೊಳ್ಳಿ. ಮಂಗಳವಾರ ಡಾಕ್ಟರ್ ಬಂದು ಮುಂದಿನ ಶುಕ್ರವಾರದ ಕ್ಲಿನಿಕ್ ಇಲ್ಲ ಅಂದರು. 12 ಜನ ರೋಗಿಗಳಿಗೆ ಬೇರೆ ದಿನ ಕೊಡಬೇಕು. ಬುಧವಾರದ ಹೊತ್ತಿಗೆ ನೀವು 9 ಜನರದ್ದು ಮುಗಿಸಿದ್ದೀರಿ. "ಕ್ಲಿನಿಕ್ ಕ್ಯಾನ್ಸಲ್, 3 ಬಾಕಿ" ಅಂತ ಬರೆದಿಟ್ಟು ಹೋದರೆ ಅದು ಹ್ಯಾಂಡೋವರ್ ಅಲ್ಲ, ನಿಮ್ಮ ಜೊತೆಗಾತಿ ಮತ್ತೆ ಮೊದಲಿಂದ ಶುರುಮಾಡಬೇಕು. ಬರೆಯಬೇಕಾದ್ದು ಹೀಗೆ: "ಒಬ್ಬರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಿಲ್ಲ, ಗುರುವಾರ ಸಿಗದಿದ್ದರೆ ಕಾಗದ ಹಾಕಿ. ಇನ್ನೊಬ್ಬರಿಗೆ ದುಭಾಷಿ ಬೇಕು, ಕೇಳಿದ್ದೇನೆ, ಉತ್ತರ ದುಭಾಷಿಗಳ ಕಡೆಯಿಂದ ಬರಬೇಕು. ಮೂರನೆಯವರಿಗೆ ಹೊಸ ದಿನ ಕೊಟ್ಟಾಯಿತು, ಆದರೆ ಕರೆತರುವ ಆಸ್ಪತ್ರೆ ಗಾಡಿ ಇನ್ನೂ ಹಳೇ ದಿನಕ್ಕೇ ಬುಕ್ ಆಗಿದೆ, ಅದನ್ನ ಬದಲಿಸಬೇಕು." ಕೆಲಸ ಎಲ್ಲಿಗೆ ಬಂದಿದೆ, ಈಗ ಯಾರ ಕೈಯಲ್ಲಿದೆ, ಮುಂದಿನ ಹೆಜ್ಜೆ ಯಾವಾಗ. ಈ ಮೂರೂ ಇರಬೇಕು. ಆ ಗಾಡಿಯ ವಿಷಯ ಬಿಟ್ಟುಹೋದರೆ ಒಬ್ಬ ವಯಸ್ಸಾದವರು ಹಳೇ ದಿನವೇ ಆಸ್ಪತ್ರೆಗೆ ಬಂದು, ಡಾಕ್ಟರ್ ಇಲ್ಲದ ಕ್ಲಿನಿಕ್ ಮುಂದೆ ಕೂತಿರುತ್ತಾರೆ.

ಹಿಂದಿನ ದಿನವೇ ಬರೆದು ಮುಗಿಸಿ, ಆ ಗಂಟೆಯನ್ನ ಓದಿ ಪ್ರಶ್ನೆ ಕೇಳೋಕೆ ಬಿಡಿ. ನೋಟ್ ಒಂದೇ ಫೈಲ್‌ನಲ್ಲಿರಲಿ. ಇಮೇಲ್ ಕೂಡ ಇಬ್ಬರಿಗೂ ಸೇರಿ ಒಂದೇ ವಿಳಾಸ ಕೇಳಿ. ಸ್ವಂತ ಇಮೇಲ್‌ಗೆ ಬಂದದ್ದು ನೀವು ಇಲ್ಲದ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲ್ಲಿ ಕೆಡುತ್ತದೆ ಅಂತ ಗೊತ್ತಾಗಬೇಕಾದರೆ ನೋಟನ್ನೇ ನೋಡಿ. ಒಂದೇ ಸಾಲು ಮೂರು ಬುಧವಾರ ದಾಟಿ ಬಂದಿದೆ ಅಂದರೆ ಅದು ಇಬ್ಬರಿಗೂ ಬೇಡವಾದ ಕೆಲಸ, ಅಲ್ಲೇ ಒಬ್ಬರ ಹೆಸರು ಹಾಕಿಬಿಡಿ. ಇನ್ನೊಂದು ತೊಂದರೆ, ಸೋಮವಾರ ನೀವು ಆಗಲ್ಲ ಅಂದದ್ದನ್ನ ಗುರುವಾರ ಆಕೆಯ ಹತ್ತಿರ ಹೋಗಿ ಆಗುತ್ತೆ ಅನ್ನಿಸಿಕೊಂಡು ಬರುವವರು ಇರುತ್ತಾರೆ. ಅದಕ್ಕೇ, ಆ ದಿನ ಇದ್ದವರ ತೀರ್ಮಾನವೇ ಕೊನೆ, ಬದಲಿಸಬೇಕಾದರೆ ಬುಧವಾರ ಇಬ್ಬರೂ ಮಾತಾಡಿ ಬದಲಿಸೋದು ಅಂತ ಮೊದಲ ವಾರವೇ ಒಪ್ಪಿಕೊಳ್ಳಿ. ಆಕೆಯ ತೀರ್ಮಾನ ನಿಮಗೆ ಸರಿ ಕಾಣದ ದಿನವೂ ಹೊರಗಿನವರ ಮುಂದೆ ಅದನ್ನೇ ಎತ್ತಿಹಿಡಿಯಬೇಕು. ಇದು ಕಷ್ಟ, ಆದರೆ ಇದಿಲ್ಲದೆ ಜಾಬ್ ಶೇರ್ ನಡೆಯುವುದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ರಜೆಯ ಲೆಕ್ಕವನ್ನೂ ಗಂಟೆಯಲ್ಲಿ ಕೇಳಿ, ದಿನದಲ್ಲಿ ಅಲ್ಲ. ಇಂಗ್ಲೆಂಡಿನಲ್ಲಿ ಬ್ಯಾಂಕ್ ಹಾಲಿಡೇ ಅನ್ನೋ ಸಾರ್ವಜನಿಕ ರಜೆ ಸಾಮಾನ್ಯವಾಗಿ ವರ್ಷಕ್ಕೆ 8, ಅಂದರೆ 60 ಗಂಟೆ. ಅರ್ಧ ಕೆಲಸದವರಿಗೆ 30. ಈಸ್ಟರ್ ಮಂಡೇ, ಮೇ ತಿಂಗಳ ಎರಡು, ಆಗಸ್ಟ್ ಕೊನೆಯದು, ಈ ನಾಲ್ಕೂ ಸೋಮವಾರವೇ ಬೀಳುತ್ತವೆ. ವಾರದ ಮೊದಲರ್ಧ ನಿಮ್ಮದಾದರೆ ಆ ನಾಲ್ಕಕ್ಕೇ 30 ಗಂಟೆ ಖಾಲಿ. ಕ್ರಿಸ್‌ಮಸ್ ಕೂಡ ನಿಮ್ಮ ದಿನವೇ ಬಂದರೆ ಉಳಿದ ರಜೆಯಲ್ಲಿ ಕಟ್ ಆಗುತ್ತದೆ. ಮೋಸ ಏನಲ್ಲ, ಇಬ್ಬರಿಗೂ ಸಮ ಬರಲಿ ಅಂತಲೇ ಹಾಗೆ ಮಾಡೋದು, ಆದರೆ ಊರಿಗೆ ಹೋಗೋಕೆ ಅಂತ ರಜೆ ಉಳಿಸಿಕೊಳ್ಳೋರು ಮೊದಲೇ ತಿಳಿದಿರಬೇಕು.

ಕಾಂಟ್ರಾಕ್ಟ್‌ನಲ್ಲಿ ಇನ್ನೆರಡು ಸಾಲು ಹುಡುಕಿ. ಆಕೆ ರಜೆ ಹಾಕಿದಾಗ ಆಕೆಯ ದಿನವೂ ನೀವು ಬರಲೇಬೇಕಾ, ಇಲ್ಲವಾ. ಆಕೆ ಕೆಲಸ ಬಿಟ್ಟರೆ ನಿಮ್ಮ ಅರ್ಧ ಏನಾಗುತ್ತದೆ. ಸಾಮಾನ್ಯವಾಗಿ ಉಳಿದರ್ಧವನ್ನ ಮೊದಲು ನಿಮಗೇ ಕೇಳಿ, ಬೇಡ ಅಂದರೆ ಹೊಸಬರನ್ನ ಹುಡುಕುತ್ತಾರೆ. ಯಾರೂ ಸಿಗದಿದ್ದರೆ ಏನು ಅನ್ನೋದನ್ನೂ ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿರಲಿ. ನಿಮಗೆ ಬಂದಿರೋ ಆಫರ್‌ನಲ್ಲಿ ದಿನ, ಗಂಟೆ ಬರೆದಿದ್ದರೆ ಇಲ್ಲಿ ಹಾಕಿ, ಆ ರಜೆ ಲೆಕ್ಕ ಒಟ್ಟಿಗೆ ನೋಡೋಣ.